ಅಲರ್ಟ್ ಬಂದಿತ್ತು, ಕ್ಲೋಸ್ ಮಾಡಿದೆ

ಆಗ ನಮ್ಮ ಸಪೋರ್ಟ್ ತಂಡ ನೋಡಿಕೊಳ್ಳುತ್ತಿದ್ದುದು ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಒಂದನ್ನು. ಒಂದು ಮಂಗಳವಾರ ಬೆಳಗಿನ ಜಾವ 4.10ಕ್ಕೆ ಅದರ ಡೇಟಾಬೇಸ್ ನಿಂತುಹೋಯಿತು. ಸರ್ವರಿನ ಡಿಸ್ಕ್ ಭರ್ತಿಯಾಗಿತ್ತು. ಬರೆಯಲು ಜಾಗವಿಲ್ಲದ ಡೇಟಾಬೇಸ್ ಕೈಚೆಲ್ಲಿ ಕೂರುತ್ತದೆ, ಅಷ್ಟೆ. ಹಳೆಯ ಬ್ಯಾಕಪ್ ಕಡತಗಳನ್ನು ಕೈಯಿಂದ ಅಳಿಸಿ, ಎಲ್ಲವನ್ನೂ ಮತ್ತೆ ಎಬ್ಬಿಸುವಾಗ 7.30 ಆಯಿತು. ಅಷ್ಟರಲ್ಲಿ ಬಾಗಿಲು ತೆರೆದಿದ್ದ ಹಾಲಿನ ಬೂತು, ದಿನಸಿ ಅಂಗಡಿಗಳವರು ಚೀಟಿಯಲ್ಲಿ ಲೆಕ್ಕ ಬರೆದುಕೊಂಡು ನಮಗೆ ಬೈಯುತ್ತಿದ್ದರು.

ಮಧ್ಯಾಹ್ನದೊಳಗೆ ಗ್ರಾಹಕ ಕಂಪನಿಗೆ ಆರ್‌ಸಿಎ ಹೋಗಬೇಕಿತ್ತು. ಐಟಿಯಲ್ಲಿರುವವರಿಗೆ ಈ ಮೂರಕ್ಷರ ಹೊಸದಲ್ಲ. ಏನಾಯಿತು, ಯಾಕಾಯಿತು, ಮುಂದೆ ಆಗದಂತೆ ಏನು ಮಾಡುತ್ತೀರಿ ಎಂದು ಬರೆದುಕೊಡುವ ಕಾಗದ ಅದು. ನಾನೇ ಬರೆದೆ. ಕಾರಣದ ಕಾಲಮ್ಮಿನಲ್ಲಿ: ರಾತ್ರಿ 1.40ಕ್ಕೆ ಡಿಸ್ಕ್ ಅಲರ್ಟ್ ಬಂದಿದ್ದರೂ ಪಾಳಿಯಲ್ಲಿದ್ದ ಇಂಜಿನಿಯರ್ ಗಮನಿಸದೆ ಟಿಕೆಟ್ ಮುಚ್ಚಿದ್ದಾರೆ. ಪರಿಹಾರದ ಕಾಲಮ್ಮಿನಲ್ಲಿ: ಅವರಿಗೆ ತಿಳಿಹೇಳಲಾಗಿದೆ. ಗ್ರಾಹಕರು ಒಪ್ಪಿದರು, ಮೇಲಿನವರು ಒಪ್ಪಿದರು. ಹುಡುಗ ಮೂರು ದಿನ ಯಾರ ಮುಖವನ್ನೂ ನೋಡಲಿಲ್ಲ.

ಹತ್ತನೇ ರಾತ್ರಿ ಅದೇ ಡಿಸ್ಕ್ ಮತ್ತೆ ತುಂಬಿತು. ಈ ಸಲ ಅಲರ್ಟ್ ಮುಚ್ಚಿದ್ದು ಇನ್ನೊಬ್ಬಳು, ತಂಡದಲ್ಲೇ ಅತ್ಯಂತ ಜಾಗರೂಕಳು ಎಂದು ಹೆಸರಾದವಳು.

ಎರಡನೇ ಸಲ ಪರಾಮರ್ಶೆ ನಡೆಸಲು ಪಕ್ಕದ ತಂಡದಿಂದ ಒಬ್ಬ ಹಿರಿಯರು ಬಂದರು. ಮೊದಲ ಹತ್ತು ನಿಮಿಷ ಅವರು ಕೇಳಿದ್ದೆಲ್ಲ ಹೊತ್ತಿನ ಲೆಕ್ಕ. ಎಷ್ಟು ಗಂಟೆಗೆ ಯಾವ ಸಂದೇಶ ಬಂತು, ಆಗ ಯಾರ ಕಣ್ಣೆದುರು ಯಾವ ಪರದೆ ಇತ್ತು, ಆಮೇಲೆ ಏನು ಟೈಪ್ ಮಾಡಿದರು. ಇದನ್ನು ನೆನಪಿನಿಂದ ಹೇಳಿಸಲಿಲ್ಲ. ಲಾಗ್, ಚಾಟ್, ಟಿಕೆಟ್‌ಗಳಿಂದ ಹೆಕ್ಕಿ ಬೋರ್ಡಿನ ಮೇಲೆ ಬರೆಸಿದರು. ಹೆಸರುಗಳ ಬದಲು ‘ರಾತ್ರಿ ಪಾಳಿ’, ‘ಡೇಟಾಬೇಸ್ ತಂಡ’ ಎಂದಷ್ಟೇ ಹಾಕಿಸಿದರು. ಆಮೇಲೆ ಮೊದಲ ಸಲ ಸಿಕ್ಕಿಬಿದ್ದಿದ್ದ ಹುಡುಗನ ಕಡೆ ತಿರುಗಿ, “1.40ಕ್ಕೆ ಅಲರ್ಟ್ ಬಂದಾಗ ನಿಮಗೆ ಏನನ್ನಿಸಿತು?” ಎಂದರು.

“ಏನೂ ಅನ್ನಿಸಲಿಲ್ಲ ಸರ್. ಅದು ದಿನಾ ಬರುತ್ತೆ.”

“ದಿನಾ ಅಂದ್ರೆ?”

“ಬ್ಯಾಕಪ್ ಶುರುವಾದಾಗ ಶೇಕಡಾ 80 ದಾಟುತ್ತೆ, ಅಲರ್ಟ್ ಬರುತ್ತೆ. ಹಳೇ ಕಡತ ತಾನಾಗೇ ಅಳಿಸಿಹೋದ ಮೇಲೆ ಇಳಿಯುತ್ತೆ. ರನ್‌ಬುಕ್‌ನಲ್ಲೇ ಬರೆದಿದೆ ಸರ್, ಕ್ಲೋಸ್ ಮಾಡಿ ಅಂತ.”

ರನ್‌ಬುಕ್ ಎಂದರೆ ಪಾಳಿಯವರ ಕೈಪಿಡಿ. ತೆರೆದು ನೋಡಿದೆವು. ಹಾಗೆಯೇ ಬರೆದಿತ್ತು. ಬರೆದವನು ನಾನು.

ಅಲ್ಲಿಂದ ದಾರ ತಾನಾಗಿ ಬಿಚ್ಚಿಕೊಂಡಿತು. ಏಳು ದಿನಕ್ಕಿಂತ ಹಳೆಯದಾದ ಬ್ಯಾಕಪ್ ಅಳಿಸಲು ಒಂದು ಸಣ್ಣ ಸ್ಕ್ರಿಪ್ಟ್ ಇತ್ತು. ಮೊದಲ ಘಟನೆಯ ಹಿಂದಿನ ಶುಕ್ರವಾರ ಸರ್ವರಿನಲ್ಲಿ ಏನೋ ಬದಲಾವಣೆ ಮಾಡುವಾಗ ಆ ಫೋಲ್ಡರಿನ ಅನುಮತಿ ಬದಲಾಗಿ, ಸ್ಕ್ರಿಪ್ಟಿಗೆ ಅಳಿಸುವ ಅಧಿಕಾರವೇ ಹೋಗಿತ್ತು. ಅದು ಪ್ರತಿ ರಾತ್ರಿ ಓಡುತ್ತಿತ್ತು, ಸೋಲುತ್ತಿತ್ತು, ಸೋತದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ. ಮೊದಲ ಸಲ ನಾವು ಕೈಯಿಂದ ಅಳಿಸಿ ಜಾಗ ಮಾಡಿಕೊಂಡೆವು. ಇವು ತಾನಾಗಿ ಯಾಕೆ ಅಳಿಯಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಕೇಳುವ ಅಗತ್ಯವೇ ಬೀಳಲಿಲ್ಲ, ತಪ್ಪು ಮಾಡಿದವನು ಸಿಕ್ಕಿದ್ದನಲ್ಲ.

ದೂಷಣೆಯಿಲ್ಲದ ಪರಾಮರ್ಶೆ, ಅಂದರೆ ಬ್ಲೇಮ್‌ಲೆಸ್ ರಿವ್ಯೂ ಎಂಬ ಪದ್ಧತಿಯ ತಿರುಳು ಇದು. ಇದು ಮೃದುವಾಗಿ ಮಾತಾಡುವ ಶಿಷ್ಟಾಚಾರ ಎಂದು ಬಹಳ ಜನ ತಿಳಿದಿದ್ದಾರೆ. ನನ್ನ ಮಟ್ಟಿಗೆ ಇದು ಮಾಹಿತಿ ಹೊರತೆಗೆಯುವ ಉಪಾಯ. “ದಿನಾ ಬರುತ್ತೆ” ಎಂಬ ಎರಡು ಪದ ಮೊದಲ ಸಭೆಯಲ್ಲೇ ಬಂದಿದ್ದರೆ ಎರಡನೇ ರಾತ್ರಿ ಇರುತ್ತಿರಲಿಲ್ಲ. ಆದರೆ ಮೊದಲ ಸಭೆಯಲ್ಲಿ ಆ ಹುಡುಗ ಹೇಳಿದ್ದು “ಸಾರಿ ಸರ್, ಇನ್ನು ಮುಂದೆ ನೋಡ್ತೀನಿ” ಎಂದಷ್ಟೆ. ಬೈಯುವವರ ಮುಂದೆ ಯಾರೇ ಆದರೂ ಹೇಳುವುದು ಅಷ್ಟೇ.

ಈ ಯೋಚನೆ ಸಾಫ್ಟ್‌ವೇರಿನಲ್ಲಿ ಹುಟ್ಟಿದ್ದಲ್ಲ. ಪೈಲಟ್‌ಗಳು ತಮ್ಮ ತಪ್ಪನ್ನು ತಾವೇ ಗುಟ್ಟಾಗಿ ವರದಿ ಮಾಡುವ ವ್ಯವಸ್ಥೆಯನ್ನು ಅಮೆರಿಕದ ನಾಸಾ 1976ರಿಂದ ನಡೆಸುತ್ತಿದೆ. ಸಾಫ್ಟ್‌ವೇರಿನವರಲ್ಲಿ ಇದು ಮನೆಮಾತಾಗಲು ಎಟ್ಸಿ ಕಂಪನಿಯ ಜಾನ್ ಆಲ್‌ಸ್ಪಾ 2012ರಲ್ಲಿ ಬರೆದ ಲೇಖನವೊಂದು ಮುಖ್ಯ ಕಾರಣ. ಆದರೆ ಇದನ್ನು ಎಲ್ಲರೂ ನೋಡುವಂತೆ ಬಯಲಿನಲ್ಲಿ ಮಾಡಿ ತೋರಿಸಿದ್ದು ಗಿಟ್‌ಲ್ಯಾಬ್, 2017ರಲ್ಲಿ.

ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಟ್ಟುಕೊಳ್ಳುವ ತಾಣ ಅದು. ಆ ವರ್ಷ ಜನವರಿ 31ರ ಸಂಜೆಯಿಂದ ಅದರ ಡೇಟಾಬೇಸ್ ಮೇಲೆ ವಿಪರೀತ ಹೊರೆ ಬಿದ್ದಿತ್ತು. ಮುಖ್ಯ ಸರ್ವರಿನ ಪಡಿಯಚ್ಚಿನಂತೆ ಇರಬೇಕಾದ ಎರಡನೇ ಸರ್ವರ್ ಹಿಂದೆ ಬಿದ್ದು ನಿಂತುಹೋಯಿತು. ಅದನ್ನು ಸರಿಗಟ್ಟಿಸಲು ಅಲ್ಲಿನ ಡೇಟಾ ಫೋಲ್ಡರನ್ನು ಖಾಲಿ ಮಾಡಿ ಮುಖ್ಯ ಸರ್ವರಿನಿಂದ ಹೊಸದಾಗಿ ನಕಲು ತರಬೇಕು. ನಕಲು ತರುವ ಪ್ರೋಗ್ರಾಮ್ ಓಡಿಸಿದರೆ ಅದು ಏನೂ ಹೇಳದೆ ಸುಮ್ಮನೆ ಕೂತಿತು. ಅಸಲಿಗೆ ಅದು ಮುಖ್ಯ ಸರ್ವರ್ ಕಳಿಸಲು ಶುರುಮಾಡಲಿ ಎಂದು ಕಾಯುತ್ತಿತ್ತು, ಆದರೆ ಕಾಯುತ್ತಿದ್ದೇನೆ ಎಂದು ಪರದೆಯ ಮೇಲೆ ತೋರಿಸುತ್ತಿರಲಿಲ್ಲ. ರಾತ್ರಿಯಾಗಿತ್ತು, ಎದ್ದು ಹೊರಡುವವರಿದ್ದ ಇಂಜಿನಿಯರ್ ಈ ತೊಂದರೆಗಾಗಿಯೇ ಉಳಿದಿದ್ದರು. ಫೋಲ್ಡರಿನಲ್ಲಿ ಹಿಂದಿನ ಪ್ರಯತ್ನದ ಚೂರುಪಾರು ಉಳಿದಿರಬೇಕು, ಅದಕ್ಕೇ ಹೀಗೆ ಎಂದುಕೊಂಡು ಪೂರ್ತಿ ಅಳಿಸುವ ಆಜ್ಞೆ ಕೊಟ್ಟರು. ಅವರ ಎದುರಿದ್ದ ಎರಡು ಸರ್ವರುಗಳ ಹೆಸರು ಇವು:

```
db1.cluster.gitlab.com
db2.cluster.gitlab.com
```

ಅಳಿಸಬೇಕಿದ್ದದ್ದು ಎರಡನೆಯದರಲ್ಲಿ. ಅಳಿಸಿದ್ದು ಮೊದಲನೆಯದರಲ್ಲಿ. ಒಂದೆರಡು ಸೆಕೆಂಡಿನಲ್ಲಿ ಎಚ್ಚರಾಗಿ ತಡೆದರು, ಆದರೆ ಸುಮಾರು 300 ಜಿಬಿ ಡೇಟಾದಲ್ಲಿ ಉಳಿದದ್ದು 4.5 ಜಿಬಿ.

ನಮ್ಮ ಹಳೆಯ ಆರ್‌ಸಿಎ ಆಗಿದ್ದರೆ ಇಲ್ಲಿಗೆ ಕಥೆ ಮುಗಿಯುತ್ತಿತ್ತು. ಗಿಟ್‌ಲ್ಯಾಬ್ ಪ್ರಕಟಿಸಿದ ವರದಿಯಲ್ಲಿ ಇದು ನಡುಭಾಗ ಮಾತ್ರ. ಆ ಇಂಜಿನಿಯರ್‌ರನ್ನು ಅದರಲ್ಲಿ ಕರೆದಿರುವುದು ‘ತಂಡದ ಸದಸ್ಯ 1’ ಎಂದು. ಡೇಟಾ ಹೋದರೆ ಬ್ಯಾಕಪ್ ಇರಬೇಕಲ್ಲ, ಅದೆಲ್ಲಿ ಎಂಬ ಪ್ರಶ್ನೆಯ ಬೆನ್ನು ಹತ್ತುತ್ತದೆ ವರದಿ. ಬ್ಯಾಕಪ್ ಇರಲಿಲ್ಲ. ದಿನವೂ ಬ್ಯಾಕಪ್ ತೆಗೆಯುವ ಸಾಧನ ಡೇಟಾಬೇಸಿನ 9.2 ಆವೃತ್ತಿಯದು, ಓಡುತ್ತಿದ್ದ ಡೇಟಾಬೇಸ್ 9.6. ಹೊಂದಾಣಿಕೆಯಾಗದೆ ಸಾಧನ ಸೋಲುತ್ತಿತ್ತು. ಸೋತಾಗ ಇಮೇಲ್ ಕಳಿಸುತ್ತಿತ್ತು, ಆದರೆ ಆ ಇಮೇಲ್‌ಗೆ ಸರಿಯಾದ ಸಹಿ ಇಲ್ಲವೆಂದು ಅಂಚೆ ವ್ಯವಸ್ಥೆಯೇ ಅದನ್ನು ತಿರಸ್ಕರಿಸುತ್ತಿತ್ತು. ಹಾಗಾಗಿ ಬ್ಯಾಕಪ್ ಆಗುತ್ತಿಲ್ಲ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಬ್ಯಾಕಪ್‌ನಿಂದ ಡೇಟಾ ಮರಳಿ ಬರುತ್ತದೆಯೇ ಎಂದು ಯಾಕೆ ಯಾರೂ ಪರೀಕ್ಷಿಸಲಿಲ್ಲ? ಅದು ಇಂಥವರ ಹೊಣೆ ಎಂದು ಯಾರಿಗೂ ಒಪ್ಪಿಸಿರಲಿಲ್ಲ ಎಂಬಲ್ಲಿಗೆ ವರದಿ ಬಂದು ನಿಲ್ಲುತ್ತದೆ.

ಉಳಿಸಿದ್ದು ಅದೃಷ್ಟ. ಇನ್ನಾವುದೋ ಪ್ರಯೋಗಕ್ಕೆಂದು ಆರು ತಾಸು ಮೊದಲು ಒಬ್ಬರು ಡೇಟಾಬೇಸಿನ ಸ್ನ್ಯಾಪ್‌ಶಾಟ್ ತೆಗೆದಿಟ್ಟಿದ್ದರು. ನಿಧಾನಗತಿಯ ಡಿಸ್ಕುಗಳಿಂದ ಅದನ್ನು ನಕಲು ಮಾಡಲು ಸುಮಾರು 18 ತಾಸು ಹಿಡಿಯಿತು. ಆ ಆರು ತಾಸಿನಲ್ಲಿ ಬಂದಿದ್ದ ಸುಮಾರು 5,000 ಪ್ರಾಜೆಕ್ಟ್, 5,000 ಕಾಮೆಂಟ್, 700 ಹೊಸ ಬಳಕೆದಾರರ ವಿವರ ಹೋಯಿತು. ಜನರ ಕೋಡ್‌ಗೆ ಮಾತ್ರ ಧಕ್ಕೆಯಾಗಲಿಲ್ಲ. ದುರಸ್ತಿಯ ಕೆಲಸವನ್ನು ಕಂಪನಿ ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿತು, ಒಂದು ಹಂತದಲ್ಲಿ 5,000 ಜನ ನೋಡುತ್ತಿದ್ದರು. ನಮ್ಮ ಆಫೀಸಿನಲ್ಲಾಗಿದ್ದರೆ ಬ್ರಿಜ್ ಕಾಲ್‌ನಲ್ಲಿ ಯಾರಿದ್ದಾರೆಂಬುದೂ ಗುಟ್ಟು!

ಈ ವರದಿಯಲ್ಲಿ ನನಗೆ ಹೆಚ್ಚು ಹಿಡಿಸುವುದು ಕೊನೆಯ ಕೆಲಸಗಳ ಪಟ್ಟಿ. ಯಾವ ಸರ್ವರಿನಲ್ಲಿದ್ದೇವೆ ಎಂಬುದು ಟರ್ಮಿನಲ್ಲಿನಲ್ಲಿ ಎದ್ದು ಕಾಣುವಂತೆ ಮಾಡುವುದು, ಬ್ಯಾಕಪ್ ಮೇಲೆ ನಿಗಾ ಇಡುವುದು, ಬ್ಯಾಕಪ್‌ನಿಂದ ಡೇಟಾ ಮರಳಿ ತರುವುದನ್ನು ಯಂತ್ರವೇ ಪರೀಕ್ಷಿಸುವಂತೆ ಮಾಡುವುದು, ಡೇಟಾದ ಉಳಿವಿಗೆ ಒಬ್ಬರನ್ನು ಹೊಣೆ ಮಾಡುವುದು. ‘ಎಚ್ಚರಿಕೆಯಿಂದಿರಿ’ ಎಂಬ ಸಾಲು ಇಲ್ಲ. ಪರಾಮರ್ಶೆ ನಿಜವಾದದ್ದೋ ತೋರಿಕೆಯದೋ ಎಂದು ತಿಳಿಯಲು ನಾನು ಮೊದಲು ತಿರುವಿ ನೋಡುವುದು ಈ ಪುಟವನ್ನೇ. ‘ಗಮನ ಹರಿಸಬೇಕು’, ‘ತರಬೇತಿ ಕೊಡಲಾಗುವುದು’ ಎಂದಿದ್ದರೆ ಸಭೆ ವ್ಯರ್ಥವಾಗಿದೆ. ನಿದ್ದೆಗಣ್ಣಿನವನು ಅದೇ ತಪ್ಪನ್ನು ಮತ್ತೆ ಮಾಡಿದರೂ ಅನಾಹುತ ಆಗದಂತೆ ಏನಾದರೂ ಬದಲಾಗಿದ್ದರೆ, ಆ ಬದಲಾವಣೆಗೆ ಒಬ್ಬರ ಹೆಸರು, ಒಂದು ತಾರೀಖು ಇದ್ದರೆ, ಸಭೆ ಫಲಿಸಿದೆ.

ಸಭೆ ನಡೆಸುವುದರಲ್ಲೂ ಕೆಲವು ಸೂಕ್ಷ್ಮಗಳಿವೆ. ರಾತ್ರಿಯಿಡೀ ಎಚ್ಚರವಿದ್ದವರನ್ನು ಅದೇ ಬೆಳಿಗ್ಗೆ ಕೂರಿಸಬಾರದು, ವಾರ ಬಿಟ್ಟರೆ ನೆನಪು ಕಥೆಯಾಗುತ್ತದೆ. ಎರಡು ಮೂರು ದಿನದೊಳಗೆ ಸರಿ. “ಯಾಕೆ ಮಾಡಿದೆ?” ಎಂದರೆ ಸಮರ್ಥನೆ ಬರುತ್ತದೆ, “ಆಗ ನಿನಗೆ ಏನು ಕಾಣುತ್ತಿತ್ತು?” ಎಂದರೆ ಸಂಗತಿ ಬರುತ್ತದೆ. “ಒಮ್ಮೆ ನೋಡಿಕೊಂಡಿದ್ದರೆ ಹೀಗಾಗುತ್ತಿರಲಿಲ್ಲ” ಎಂದು ಯಾರಾದರೂ ಶುರುಮಾಡಿದರೆ ನಡೆಸುವವರು ಅಲ್ಲೇ ತಡೆಯಬೇಕು. ಆಗದೇ ಇದ್ದದ್ದರ ಮಾತು ಅದು, ಆಗಿದ್ದನ್ನು ವಿವರಿಸುವುದಿಲ್ಲ. ಮ್ಯಾನೇಜರ್ ಬಂದರೆ ಕೊನೆಗೆ ಮಾತಾಡಲಿ, ಆದಷ್ಟು ಕಡಿಮೆ.

ಇದಕ್ಕೆ ಮಿತಿಗಳೂ ಉಂಟು. ಬೇಕೆಂದೇ ಹಾಳುಮಾಡಿದವನಿಗೆ, ಮಾಡಿದ್ದನ್ನು ಮುಚ್ಚಿಟ್ಟವನಿಗೆ ಈ ರಕ್ಷಣೆ ಸಲ್ಲದು. ನಮ್ಮಂಥ ಸೇವಾ ಕಂಪನಿಗಳಲ್ಲಿ ಇನ್ನೊಂದು ತೊಡಕಿದೆ: ಕರಾರಿನಲ್ಲಿ ದಂಡದ ಷರತ್ತಿದ್ದಾಗ ರನ್‌ಬುಕ್ಕೇ ತಪ್ಪಿತ್ತು ಎಂದು ಬರೆದುಕೊಡಲು ಮೇಲಿನವರು ಹಿಂಜರಿಯುತ್ತಾರೆ, ಹುಡುಗನ ತಪ್ಪು ಎನ್ನುವುದು ಅಗ್ಗ. ಕೆಲವು ಕಡೆ ಒಳಗಿನ ಪರಾಮರ್ಶೆ ಒಂದು, ಗ್ರಾಹಕರಿಗೆ ಹೋಗುವ ಕಾಗದ ಇನ್ನೊಂದು ಎಂದು ಇಟ್ಟುಕೊಳ್ಳುತ್ತಾರೆ. ನನಗದು ಪೂರ್ತಿ ಒಪ್ಪಿಗೆಯಿಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ. ಎಲ್ಲಕ್ಕಿಂತ ಕೆಟ್ಟದ್ದು, ಸಭೆಯಲ್ಲಿ ಒಬ್ಬ ಬಿಚ್ಚಿಟ್ಟ ಮಾತು ವರ್ಷಾಂತ್ಯದ ಅಪ್ರೈಸಲ್‌ನಲ್ಲಿ ತಲೆಯೆತ್ತುವುದು. ಹಾಗೆ ಒಂದೇ ಸಲ ಆದರೂ ಸಾಕು, ಆ ತಂಡದಲ್ಲಿ ಮತ್ತೆ ಯಾರೂ ಬಾಯಿಬಿಡುವುದಿಲ್ಲ. ಹೆಸರಿನ ಬದಲು ‘ರಾತ್ರಿ ಪಾಳಿ’ ಎಂದು ಬರೆದರೂ ಅಂದು ಯಾರ ಪಾಳಿ ಎಂದು ರೋಸ್ಟರ್ ಹೇಳುತ್ತದೆ.

ನಮ್ಮಲ್ಲಿ ಕೊನೆಗೆ ಆದ ಬದಲಾವಣೆ ಮೂರು. ಬ್ಯಾಕಪ್ ಬೇರೆ ಡಿಸ್ಕಿಗೆ ಹೋಯಿತು. ಅಳಿಸುವ ಸ್ಕ್ರಿಪ್ಟ್ ಸೋತರೆ ಅದಕ್ಕೇ ಪ್ರತ್ಯೇಕ ಅಲರ್ಟ್ ಬಂತು. ದಿನಾ ಬರುತ್ತಿದ್ದ 1.40ರ ಅಲರ್ಟ್ ನಿಂತಿತು, ರನ್‌ಬುಕ್ಕಿನ ಆ ಸಾಲನ್ನು ನಾನೇ ಅಳಿಸಿದೆ. ಗ್ರಾಹಕರಿಗೆ ಕಳಿಸಿದ್ದ ಮೊದಲ ಆರ್‌ಸಿಎ ಮಾತ್ರ ಹಾಗೆಯೇ ಇದೆ. ಅದನ್ನು ತಿದ್ದಿ ಮತ್ತೆ ಕಳಿಸೋಣ ಎಂದು ಕೇಳಿದೆ, ಮುಗಿದ ಫೈಲ್ ತೆರೆಯುವುದು ಬೇಡ ಎಂದರು.