ಚೆಕ್ ಬೌನ್ಸ್: ನೋಟಿಸ್‌ನ ದಿನ, ಮೊತ್ತ ತಪ್ಪಿದರೆ ಕೇಸೇ ಬಿದ್ದುಹೋಗಬಹುದು! ಸಣ್ಣ ವ್ಯಾಪಾರಿಗಳು ತಿಳಿದಿರಬೇಕಾದ ಲೆಕ್ಕವಿದು

ಮುಂಬೈ: ಸಾಲದ ಮೇಲೆ ಸರಕು ಕೊಟ್ಟು, ಬದಲಿಗೆ ಚೆಕ್ ಪಡೆಯುವುದು ಮುಂಬೈನ ಸಣ್ಣ ವ್ಯಾಪಾರದಲ್ಲಿ ದಿನನಿತ್ಯದ ಮಾತು. ಆ ಚೆಕ್ ಬೌನ್ಸ್ ಆದಾಗ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138 ನೆರವಿಗೆ ಬರುತ್ತದೆ. ಆರೋಪ ಸಾಬೀತಾದರೆ ಗರಿಷ್ಠ 2 ವರ್ಷ ಜೈಲು, ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ ವಿಧಿಸಬಹುದು. ಆದರೆ ಹಣ ಬರಬೇಕಿರುವುದು ನಿಜವಾದರೂ, ನೋಟಿಸ್‌ನಲ್ಲಿನ ಒಂದು ತಪ್ಪು ಅಥವಾ ದಿನದ ಲೆಕ್ಕದಲ್ಲಿನ ಎಡವಟ್ಟಿನಿಂದ ಕೇಸ್ ಸೋಲುವುದುಂಟು.

ಒಂದು ಕಲ್ಪಿತ ಉದಾಹರಣೆಯ ಮೂಲಕ ಇದನ್ನು ನೋಡೋಣ. ಮಾಟುಂಗಾದ ಕಾಫಿಪುಡಿ, ಗೋಡಂಬಿ ವ್ಯಾಪಾರಿಯೊಬ್ಬರು ಕಲ್ಯಾಣದ ಕೇಟರಿಂಗ್ ಮಾಲೀಕರಿಗೆ 1,80,000 ರೂ. ಮೌಲ್ಯದ ಸರಕು ಕೊಟ್ಟಿದ್ದಾರೆ. ಮಾರ್ಚ್ 2ರ ದಿನಾಂಕದ ಚೆಕ್ ಕೈಸೇರಿದೆ. ಮಾರ್ಚ್ 4ರಂದು ಬ್ಯಾಂಕಿಗೆ ಹಾಕಿದರೆ, 'ಖಾತೆಯಲ್ಲಿ ಸಾಕಷ್ಟು ಹಣವಿಲ್ಲ' ಎಂಬ ರಿಟರ್ನ್ ಮೆಮೊ ಮಾರ್ಚ್ 6ರಂದು ಕೈಗೆ ಬಂದಿದೆ. ಮುಂದೇನು?

ಮೊದಲ ಗಡುವು: 30 ದಿನದೊಳಗೆ ನೋಟಿಸ್

ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಸಿಕ್ಕ 30 ದಿನದೊಳಗೆ ಲಿಖಿತ ನೋಟಿಸ್ ಕಳಿಸಬೇಕು. ಮೆಮೊ ಸಿಕ್ಕ ದಿನವನ್ನು ಬಿಟ್ಟು ಎಣಿಸಿದರೆ ಈ ಉದಾಹರಣೆಯಲ್ಲಿ ಏಪ್ರಿಲ್ 5 ಕೊನೆಯ ದಿನ. ಈ ಗಡುವು ತಪ್ಪಿದರೆ ವಿಳಂಬ ಮನ್ನಿಸಲು ಕಾಯ್ದೆಯಲ್ಲಿ ಅವಕಾಶವಿಲ್ಲ. ಚೆಕ್‌ನ ಮೂರು ತಿಂಗಳ ಅವಧಿ ಇನ್ನೂ ಮುಗಿಯದಿದ್ದರೆ ಅದನ್ನು ಮತ್ತೊಮ್ಮೆ ಬ್ಯಾಂಕಿಗೆ ಹಾಕಿ, ಮತ್ತೆ ಬೌನ್ಸ್ ಆದರೆ ಹೊಸದಾಗಿ ನೋಟಿಸ್ ಕೊಡುವ ದಾರಿಯೊಂದೇ ಉಳಿಯುತ್ತದೆ.

ಹೆಚ್ಚಿನವರು ಎಡವುವುದು ನೋಟಿಸ್‌ನಲ್ಲಿ ಬರೆಯುವ ಮೊತ್ತದ ವಿಷಯದಲ್ಲಿ. ಕೇಳಬೇಕಾದದ್ದು ಚೆಕ್‌ನಲ್ಲಿರುವ ಮೊತ್ತವನ್ನೇ. ಬಡ್ಡಿ, ವಕೀಲರ ಶುಲ್ಕ ಕೇಳುವುದಾದರೆ ಅವನ್ನು ಬೇರೆಯಾಗಿ ತೋರಿಸಬೇಕು. ಎಲ್ಲವನ್ನೂ ಕೂಡಿಸಿ ಒಂದೇ ಮೊತ್ತ ಬರೆದರೆ ತೊಂದರೆ ತಪ್ಪಿದ್ದಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಪ್ಲಾಸ್ಟಿಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. ಅಲ್ಲಿ ಚೆಕ್ ಇದ್ದದ್ದು 1 ಕೋಟಿ ರೂಪಾಯಿಗೆ, ನೋಟಿಸ್‌ನಲ್ಲಿ ಕೇಳಿದ್ದು 2 ಕೋಟಿ. ಅದು ಟೈಪಿಂಗ್ ದೋಷ ಎಂಬ ಸಮಜಾಯಿಷಿಯನ್ನು ಕೋರ್ಟ್ ಒಪ್ಪಲಿಲ್ಲ, ನೋಟಿಸೇ ಅಸಿಂಧು ಎಂದಿತು.

ನೋಟಿಸನ್ನು ಸ್ಪೀಡ್ ಪೋಸ್ಟ್‌ನಲ್ಲಿ ಸರಿಯಾದ ವಿಳಾಸಕ್ಕೆ ಕಳಿಸಿ, ರಸೀದಿ ಮತ್ತು ಟ್ರ್ಯಾಕಿಂಗ್ ವರದಿ ಇಟ್ಟುಕೊಳ್ಳಬೇಕು. ಬೇಕೆಂದೇ ಅಂಚೆ ಸ್ವೀಕರಿಸದವರಿಗೆ ಕಾನೂನಿನಲ್ಲಿ ಲಾಭವಿಲ್ಲ. ಸರಿಯಾದ ವಿಳಾಸಕ್ಕೆ ಹೋದ ನೋಟಿಸ್ ತಲುಪಿದೆ ಎಂದೇ ಕೋರ್ಟ್ ಭಾವಿಸುತ್ತದೆ. ತಲುಪಿಲ್ಲ ಎಂದು ತೋರಿಸುವ ಹೊಣೆ ಆರೋಪಿಯದು. ಚೆಕ್ ಕೊಟ್ಟದ್ದು ಕಂಪನಿಯಾಗಿದ್ದರೆ ಸಹಿ ಹಾಕಿದವರ ಮೇಲೆ ಮಾತ್ರ ಕೇಸ್ ಹಾಕಿದರೆ ಸಾಲದು, ಕಂಪನಿಯನ್ನೂ ಆರೋಪಿಯಾಗಿಸಬೇಕು.

15 ದಿನ ಕಾಯಲೇಬೇಕು

ನಮ್ಮ ಉದಾಹರಣೆಯಲ್ಲಿ ಮಾರ್ಚ್ 20ರಂದು ಕಳಿಸಿದ ನೋಟಿಸ್ ಕಲ್ಯಾಣದಲ್ಲಿ ಮಾರ್ಚ್ 24ರಂದು ತಲುಪಿತು ಎಂದುಕೊಳ್ಳೋಣ. ಅಲ್ಲಿಂದ 15 ದಿನ, ಅಂದರೆ ಏಪ್ರಿಲ್ 8ರವರೆಗೆ, ಹಣ ಕಟ್ಟಲು ಕೇಟರಿಂಗ್ ಮಾಲೀಕರಿಗೆ ಸಮಯವಿದೆ. ಅಷ್ಟರಲ್ಲಿ ಪೂರ್ತಿ ಹಣ ಕೊಟ್ಟರೆ ಅಪರಾಧವೇ ಇಲ್ಲ. ಕೊಡದಿದ್ದರೆ ಏಪ್ರಿಲ್ 9ರಂದು ದೂರಿನ ಹಕ್ಕು ಹುಟ್ಟುತ್ತದೆ. ಆ ದಿನವನ್ನು ಬಿಟ್ಟು ಒಂದು ತಿಂಗಳು, ಅಂದರೆ ಮೇ 9ರೊಳಗೆ, ಕೋರ್ಟಿಗೆ ದೂರು ಸಲ್ಲಿಸಬೇಕು.

ಅವಸರಪಟ್ಟು ಏಪ್ರಿಲ್ 8ಕ್ಕೂ ಮೊದಲೇ ಹಾಕಿದ ದೂರು ದೂರೇ ಅಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ತಡವಾಗಿ ಸಲ್ಲಿಸಿದರೆ ಮಾತ್ರ, ಸರಿಯಾದ ಕಾರಣ ತೋರಿಸಿ ವಿಳಂಬ ಮನ್ನಿಸಲು ಕೋರಬಹುದು. ಒಪ್ಪುವುದು ಬಿಡುವುದು ಕೋರ್ಟಿಗೆ ಸೇರಿದ್ದು.

ಕಲ್ಯಾಣಕ್ಕೆ ಅಲೆಯಬೇಕೇ?

ಬೇಡ. ದಶರಥ ರಾಥೋಡ್ ಪ್ರಕರಣದ 2014ರ ತೀರ್ಪಿನ ಪ್ರಕಾರ, ಚೆಕ್ ಕೊಟ್ಟವರ ಬ್ಯಾಂಕ್ ಇರುವ ಊರಲ್ಲೇ ಕೇಸ್ ಹಾಕಬೇಕಿತ್ತು. 2015ರ ತಿದ್ದುಪಡಿ ಇದನ್ನು ಬದಲಿಸಿತು. ಈಗ ಚೆಕ್ ಪಡೆದವರು ಅದನ್ನು ತಮ್ಮ ಖಾತೆಗೆ ಹಾಕಿದ್ದರೆ, ಆ ಖಾತೆ ಇರುವ ಬ್ಯಾಂಕ್ ಶಾಖೆಯ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು ನಡೆಯುತ್ತದೆ. ಹಾಗಾಗಿ ನಮ್ಮ ವ್ಯಾಪಾರಿಯ ಖಾತೆ ಮಾಟುಂಗಾ ಶಾಖೆಯಲ್ಲಿದ್ದರೆ ಕೇಸ್ ಮುಂಬೈನಲ್ಲೇ. ನಗರದಲ್ಲಿ ದಾದರ್, ಕುರ್ಲಾ, ಅಂಧೇರಿ, ಬೋರಿವಲಿ ಹೀಗೆ ಹಲವೆಡೆ ಕೋರ್ಟುಗಳಿರುವುದರಿಂದ, ಶಾಖೆ ಯಾವ ಕೋರ್ಟಿನ ವ್ಯಾಪ್ತಿಗೆ ಬರುತ್ತದೆ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ದೂರಿನ ಜೊತೆ ಮೂಲ ಚೆಕ್, ರಿಟರ್ನ್ ಮೆಮೊ, ನೋಟಿಸ್ ಪ್ರತಿ, ಅಂಚೆ ದಾಖಲೆ ಮತ್ತು ಅಫಿಡವಿಟ್ ಇರಬೇಕು. ಜಿಎಸ್‌ಟಿ ಬಿಲ್, ಸರಕು ತಲುಪಿದ್ದಕ್ಕೆ ಸಹಿ ಇರುವ ಚಲನ್, ಲೆಡ್ಜರ್, ವಾಟ್ಸ್‌ಆ್ಯಪ್ ಆರ್ಡರ್‌ಗಳು ಮುಂದೆ ವಾದ ಎದುರಿಸಲು ಬೇಕಾಗುತ್ತವೆ.

'ಅದು ಸೆಕ್ಯೂರಿಟಿ ಚೆಕ್ ಆಗಿತ್ತು'

ಆರೋಪಿಗಳಿಂದ ಅತಿ ಹೆಚ್ಚು ಕೇಳಿಬರುವ ವಾದವಿದು. ಇದರ ಜೊತೆಗೇ ಬರುವುದು, 'ಖಾಲಿ ಚೆಕ್‌ಗೆ ಸಹಿ ಹಾಕಿ ಕೊಟ್ಟಿದ್ದೆ, ಅವರೇ ಮೊತ್ತ ಬರೆದುಕೊಂಡರು' ಎಂಬ ಮಾತು. ಸಹಿ ತನ್ನದೇ ಎಂದು ಒಪ್ಪಿದರೆ, ಸಾಲ ಇದ್ದಿತ್ತು ಎಂದು ಕೋರ್ಟ್ ಆರಂಭದಲ್ಲಿ ಭಾವಿಸಿಕೊಳ್ಳುತ್ತದೆ. ಕರ್ನಾಟಕದಿಂದ ಹೋದ ರಂಗಪ್ಪ–ಮೋಹನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಸ್ಪಷ್ಟಪಡಿಸಿದ್ದು ಇದನ್ನೇ. 45,000 ರೂ. ಚೆಕ್‌ನ ಆ ಪ್ರಕರಣದಲ್ಲಿ, ಸಹಿ ಹಾಕಿಟ್ಟಿದ್ದ ಚೆಕ್ ಕಳೆದುಹೋಗಿತ್ತು ಎಂದು ಆರೋಪಿ ವಾದಿಸಿದ್ದರು. ನೋಟಿಸ್‌ಗೆ ಅವರು ಉತ್ತರವನ್ನೇ ಕೊಡದಿದ್ದುದು ಅವರಿಗೆ ವಿರುದ್ಧವಾಯಿತು.

ಹಾಗೆಂದು ಚೆಕ್ ಕೈಯಲ್ಲಿದ್ದರೆ ಗೆಲುವು ಖಚಿತ ಎಂದಲ್ಲ. ಕರ್ನಾಟಕದ್ದೇ ಆದ ಬಸಲಿಂಗಪ್ಪ–ಮುದಿಬಸಪ್ಪ ಪ್ರಕರಣದಲ್ಲಿ 6 ಲಕ್ಷ ರೂ. ಸಾಲ ಕೊಟ್ಟೆ ಎಂದವರು, ಅಷ್ಟು ಹಣ ತಮ್ಮಲ್ಲಿತ್ತು ಎಂದು ತೋರಿಸಲಾಗಲಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಆರೋಪಿಯನ್ನು ಖುಲಾಸೆ ಮಾಡಿತು. ಆರೋಪಿ ತನ್ನ ವಾದವನ್ನು ನೂರಕ್ಕೆ ನೂರು ಸಾಬೀತುಪಡಿಸಬೇಕಿಲ್ಲ, ನಂಬುವಂತಹ ಅನುಮಾನ ಮೂಡಿಸಿದರೆ ಸಾಕು. ಸರಕು ಕಳಪೆಯಿತ್ತು, ವಾಪಸ್ ಕಳಿಸಿದ್ದೆ ಎಂಬ ವಾದಕ್ಕೂ ಇದೇ ಅಳತೆ. ಆಗಲೇ ಕಳಿಸಿದ ದೂರಿನ ಸಂದೇಶ ಅಥವಾ ಸರಕು ವಾಪಸಾದ ಚಲನ್ ಇದ್ದರೆ ವಾದಕ್ಕೆ ತೂಕ ಬರುತ್ತದೆ. ಸಮನ್ಸ್ ಬಂದ ಮೇಲೆ ಹುಟ್ಟಿದ ಕಥೆಗೆ ಅಷ್ಟು ಬೆಲೆಯಿಲ್ಲ.

ಸ್ವಲ್ಪ ಹಣ ಯುಪಿಐನಲ್ಲಿ ಬಂದಿದ್ದರೆ?

ವ್ಯಾಪಾರಿಗಳು ಕಡೆಗಣಿಸುವ ಅಪಾಯ ಇಲ್ಲಿದೆ. ಚೆಕ್ ಕೊಟ್ಟ ಮೇಲೆ, ಅದನ್ನು ಬ್ಯಾಂಕಿಗೆ ಹಾಕುವ ಮೊದಲು, ಕೇಟರಿಂಗ್ ಮಾಲೀಕರು 50,000 ರೂ. ಯುಪಿಐ ಮಾಡಿದ್ದರೆ ಬಾಕಿ ಉಳಿಯುವುದು 1,30,000 ರೂ. ಮಾತ್ರ. ಆಗಲೂ 1,80,000 ರೂ. ಚೆಕ್ಕನ್ನು ಹಾಗೆಯೇ ಹಾಕಿ, ಪೂರ್ತಿ ಹಣಕ್ಕೆ ನೋಟಿಸ್ ಕೊಟ್ಟರೆ ಸೆಕ್ಷನ್ 138ರ ಕೇಸ್ ನಿಲ್ಲುವುದಿಲ್ಲ. ಚೆಕ್ ಹಾಕುವ ದಿನ ಅದರಲ್ಲಿರುವಷ್ಟು ಸಾಲ ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಭಾಗಶಃ ಹಣ ಬಂದಿದ್ದರೆ ಅದನ್ನು ಚೆಕ್ ಮೇಲೆಯೇ ನಮೂದಿಸಿ ಉಳಿದ ಮೊತ್ತಕ್ಕೆ ಹಾಕಬೇಕು. ಇದಕ್ಕಿಂತ ಸುಲಭದ ದಾರಿಯೆಂದರೆ ಹಳೆಯ ಚೆಕ್ ಹಿಂದಿರುಗಿಸಿ 1,30,000 ರೂ.ಗೆ ಹೊಸ ಚೆಕ್ ಪಡೆಯುವುದು.

ಕೇಸ್ ನಡೆಯುವಾಗ ಹಣ ಸಿಗುತ್ತದೆಯೇ?

ಆರೋಪಿ ತಪ್ಪೊಪ್ಪಿಕೊಳ್ಳದಿದ್ದರೆ, ಚೆಕ್ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರ ಕೋರ್ಟಿಗೆ 2018ರಿಂದ ಇದೆ. ಈ ಉದಾಹರಣೆಯಲ್ಲಿ ಅದು ಹೆಚ್ಚೆಂದರೆ 36,000 ರೂ. ಆದರೆ ಇದು ತಾನಾಗಿ ಸಿಗುವಂಥದ್ದಲ್ಲ. ಕೊಡಬೇಕೇ, ಎಷ್ಟು ಕೊಡಬೇಕು ಎಂಬುದನ್ನು ಕೋರ್ಟ್ ತೀರ್ಮಾನಿಸುತ್ತದೆ. ಆರೋಪಿ ಖುಲಾಸೆಯಾದರೆ ಆ ಹಣವನ್ನು ಬಡ್ಡಿ ಸಮೇತ ಹಿಂತಿರುಗಿಸಬೇಕು. ಎರಡೂ ಕಡೆಯವರು ಒಪ್ಪಿದರೆ ಕೇಸನ್ನು ಯಾವ ಹಂತದಲ್ಲಾದರೂ ರಾಜಿ ಮಾಡಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ.