ಮೀನೂಟದ ಹೋಟೆಲಿನ ಮೊದಲ ಪುಟ: ಕರಡಿಗೆ ಏನೆಂದು ಉತ್ತರ ಬರೆಯಬೇಕು?

ಹೋಟೆಲಿಗೊಂದು ವೆಬ್‌ಸೈಟ್ ಮಾಡಿಕೊಡಿ ಎಂದು ಏಜೆನ್ಸಿಗೆ ಒಪ್ಪಿಸಿದರೆ, ಕೆಲವು ವಾರಗಳಲ್ಲಿ ಹೋಮ್‌ಪೇಜಿನ ಕರಡು ಇ-ಮೇಲ್‌ನಲ್ಲಿ ಬರುತ್ತದೆ. ಜೊತೆಗೊಂದು ಸಾಲು: ‘ನಿಮ್ಮ ಅಭಿಪ್ರಾಯ ತಿಳಿಸಿ.’ ‘ಚೆನ್ನಾಗಿದೆ, ಆದರೆ ಏನೋ ಕಳೆ ಇಲ್ಲ, ಇನ್ನೂ ರಿಚ್ ಆಗಿ ಬರಲಿ’ ಎಂದು ಬರೆಯುವ ಮಾಲೀಕರೇ ಹೆಚ್ಚು. ಇದರಿಂದ ಡಿಸೈನರ್‌ಗೆ ಏನೂ ತಿಳಿಯುವುದಿಲ್ಲ. ಅವರು ಬಣ್ಣ ಬದಲಿಸಿ ಮತ್ತೊಂದು ಕರಡು ಕಳಿಸುತ್ತಾರೆ. ಒಪ್ಪಂದದಲ್ಲಿ ಸಾಮಾನ್ಯವಾಗಿ ಎರಡೋ ಮೂರೋ ಸುತ್ತಿನ ತಿದ್ದುಪಡಿಯಷ್ಟೇ ಇರುತ್ತದೆ. ಅದರಲ್ಲೊಂದು ಸುತ್ತು ಹೀಗೇ ವ್ಯರ್ಥವಾಗುತ್ತದೆ.

ಮಂಗಳೂರಿನ ಒಂದು ಮೀನೂಟದ ಹೋಟೆಲನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕರಡು ಕಣ್ಣಿಗೆ ಸೊಗಸಾಗಿದೆ. ಮೇಲೆ ಒಂದಾದ ಮೇಲೊಂದು ಜಾರುವ ದೊಡ್ಡ ಚಿತ್ರಗಳು, ಅದರ ಕೆಳಗೆ ‘ನಮ್ಮ ಕಥೆ’, ಆಮೇಲೆ ಮೆನುವಿನ ಪಿಡಿಎಫ್. ಸಮಯ ಮತ್ತು ಫೋನ್ ನಂಬರು ತೀರಾ ಕೊನೆಯಲ್ಲಿ, ತಿಳಿ ಬೂದು ಅಕ್ಷರದಲ್ಲಿ.

ಉತ್ತರ ಬರೆಯುವ ಮೊದಲು ಮಾಲೀಕರು ಇದನ್ನು ಕಂಪ್ಯೂಟರಿನಲ್ಲಲ್ಲ, ತಮ್ಮ ಮೊಬೈಲಿನಲ್ಲಿ, ನಡು ಮಧ್ಯಾಹ್ನದ ಬಿಸಿಲಿನಲ್ಲಿ ನಿಂತು ನೋಡಬೇಕು. ಹಂಪನಕಟ್ಟೆಯಲ್ಲಿ ಹಸಿದು ನಿಂತ ಗಿರಾಕಿ ಪುಟ ತೆರೆಯುವುದು ಹಾಗೆಯೇ. ಹೋಟೆಲ್ ಈಗ ತೆರೆದಿದೆಯೇ, ಇವತ್ತು ಯಾವ ಮೀನಿದೆ, ಹೋಗುವುದು ಹೇಗೆ ಎಂಬುದಷ್ಟೇ ಆತನಿಗೆ ಬೇಕು. ಅವು ಎಲ್ಲಿ ಸಿಗದೆ ಹೋದವೋ ಅಲ್ಲಿಯ ಸ್ಕ್ರೀನ್‌ಶಾಟ್ ತೆಗೆದು, ನಂಬರು ಹಾಕಿ, ಆ ನಂಬರಿಗೆ ತಕ್ಕಂತೆ ಬರೆದರೆ ಪತ್ರ ಅರ್ಧ ಮುಗಿದಂತೆ:

‘ನಮಸ್ಕಾರ. ಕರಡು ನೋಡಿದೆ. ಬಣ್ಣಗಳು ಮತ್ತು ಹೆಸರು ಬರೆದಿರುವ ರೀತಿ ಇಷ್ಟವಾಯಿತು, ಅವನ್ನು ಹಾಗೇ ಇಡಿ. ಚಿತ್ರ 1: ಮೊಬೈಲಿನಲ್ಲಿ ಊಟದ ಸಮಯ ಹುಡುಕಲು ಪುಟದ ಕೊನೆಯವರೆಗೆ ಹೋಗಬೇಕಾಯಿತು. ನಮ್ಮ ಊಟ 12ರಿಂದ 3.30ರವರೆಗೆ ಮಾತ್ರ. 4 ಗಂಟೆಗೆ ಬಂದು ವಾಪಸು ಹೋಗುವವರಿದ್ದಾರೆ. ಸಮಯ, ದಾರಿ, ಫೋನ್ ಮೂರೂ ಪುಟ ತೆರೆದ ಕೂಡಲೇ ಕಾಣಬೇಕು. ನಂಬರು ಒತ್ತಿದರೆ ಕರೆ ಹೋಗಬೇಕು. ಚಿತ್ರ 2: ಇಲ್ಲಿರುವುದು ಸಾಲ್ಮನ್. ನಾವು ಅದನ್ನು ಮಾಡುವುದಿಲ್ಲ. ಅಂಜಲ್ ತವಾ ಫ್ರೈ, ಕಾಣೆ ರವಾ ಫ್ರೈ, ಬಂಗುಡೆ ಪುಳಿಮುಂಚಿಯ ಫೋಟೋಗಳನ್ನು ಶುಕ್ರವಾರದೊಳಗೆ ಕಳಿಸುತ್ತೇನೆ.’

ಮಾಲೀಕರು ಇಲ್ಲಿ ಸಮಯವನ್ನು ಎಡಕ್ಕೆ ಹಾಕಿ, ಕೆಂಪು ಮಾಡಿ ಎಂದೆಲ್ಲ ಹೇಳಿಲ್ಲ. ಗಿರಾಕಿಗೆ ಆಗುವ ತೊಂದರೆ ಹೇಳಿ, ಪರಿಹಾರವನ್ನು ಡಿಸೈನರ್‌ಗೆ ಬಿಟ್ಟಿದ್ದಾರೆ. ಕೆಂಪು ಮಾಡಿ ಎಂದರೆ ಕೆಂಪಾಗುತ್ತದೆ, ಆದರೆ ಪುಟದ ಕೊನೆಯಲ್ಲೇ ಉಳಿದೀತು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಮೆನುವಿನ ವಿಷಯ. ಪಿಡಿಎಫ್ ಮೊಬೈಲಿನಲ್ಲಿ ಇಳಿಸಿಕೊಂಡು, ಹಿಗ್ಗಿಸಿ ಹಿಗ್ಗಿಸಿ ಓದಬೇಕಾದ ಕಾಗದ. ಮೀನೂಟದ ಹೋಟೆಲಿಗಂತೂ ಅದು ಹೊಂದುವುದೇ ಇಲ್ಲ. ದಕ್ಕೆಗೆ ಬಂದದ್ದರ ಮೇಲೆ ಅಂದಿನ ಅಡುಗೆ; ಮೀನಿನ ಗಾತ್ರ ನೋಡಿ ದರ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವಾಗ ಪಟ್ಟಿಯೇ ಬದಲಾಗುತ್ತದೆ. ಡಿಸೈನರ್‌ಗೆ ಇದು ಗೊತ್ತಿರಬೇಕೆಂದೇನಿಲ್ಲ, ಮಾಲೀಕರೇ ಹೇಳಬೇಕು: ‘ಚಿತ್ರ 3: ಮೆನು ಪುಟದಲ್ಲೇ ಅಕ್ಷರಗಳಲ್ಲಿರಲಿ. ಮೇಲೆ “ಇವತ್ತಿನ ಮೀನು” ಎಂಬ ಜಾಗ ಬೇಕು. ಬೆಳಿಗ್ಗೆ ಮಾರ್ಕೆಟ್‌ನಿಂದ ಬಂದ ಮೇಲೆ ನನ್ನ ಫೋನಿನಿಂದಲೇ ನಾನದನ್ನು ಬದಲಾಯಿಸುವಂತಿರಬೇಕು. ಇದು ಈಗಿನ ಒಪ್ಪಂದದಲ್ಲಿ ಸೇರುತ್ತದೆಯೇ, ಬೇರೆ ಖರ್ಚು ಬರುತ್ತದೆಯೇ ತಿಳಿಸಿ.’ ಕೊನೆಯ ಪ್ರಶ್ನೆಯನ್ನು ಈಗಲೇ ಕೇಳಬೇಕು. ದಿನವೂ ಬದಲಾಗುವ ಪಟ್ಟಿಗೆ ಹಿಂದೆ ಬೇರೆಯೇ ವ್ಯವಸ್ಥೆ ಬೇಕು. ಸೈಟ್ ಕಟ್ಟಿದ ಮೇಲೆ ಸೇರಿಸುವುದು ದುಬಾರಿ.

ಕನ್ನಡ ಅಕ್ಷರಗಳನ್ನೂ ಹತ್ತಿರದಿಂದ ನೋಡಬೇಕು. ಇಂಗ್ಲಿಷಿಗೆಂದು ಇಟ್ಟ ಬಿಗಿಯಾದ ಸಾಲಿನ ಅಂತರದಲ್ಲಿ ‘ಅಕ್ಕಿ ರೊಟ್ಟಿ’ಯ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಗಲುತ್ತವೆ, ಇಲ್ಲವೇ ಪೆಟ್ಟಿಗೆಯ ಅಂಚಿನಲ್ಲಿ ಕತ್ತರಿಸಿಹೋಗುತ್ತವೆ. ಏಜೆನ್ಸಿಯಲ್ಲಿ ಕನ್ನಡ ಓದುವವರಿಲ್ಲದಿದ್ದರೆ ಯಾರ ಕಣ್ಣಿಗೂ ಇದು ಬೀಳುವುದಿಲ್ಲ. ಹಾಗಾಗಿ ‘ಒತ್ತು ಕಾಣುವಂತೆ ಸಾಲಿನ ಅಂತರ ಹೆಚ್ಚಿಸಿ’ ಎಂದು ಸ್ಕ್ರೀನ್‌ಶಾಟ್ ಸಮೇತ ಬರೆಯಬೇಕು.

ಇನ್ನು, ಕರಡು ಹೆಚ್ಚಾಗಿ ಬರೀ ಚಿತ್ರವಾಗಿರುತ್ತದೆ. ಬಟನ್ ಒತ್ತಿದರೆ ಏನೂ ಆಗುತ್ತಿಲ್ಲ, ಅರ್ಥವಿಲ್ಲದ ಲ್ಯಾಟಿನ್ ಸಾಲುಗಳಿವೆ ಎಂದು ದೂರುವುದು ಬೇಡ. ಅವು ಆಮೇಲೆ ತುಂಬಿಸುವ ಜಾಗಗಳು.

ಮನೆಯವರು, ಪಾಲುದಾರರು, ಕ್ಯಾಶಿಯರ್ ಎಲ್ಲರಿಗೂ ತೋರಿಸಿ, ಆದರೆ ಪತ್ರ ಒಂದೇ ಹೋಗಲಿ. ಅಣ್ಣ ಒಂದು, ತಮ್ಮ ಇನ್ನೊಂದು ವಾಟ್ಸಾಪ್ ಮಾಡಿದರೆ ಏಜೆನ್ಸಿ ಯಾರ ಮಾತು ಕೇಳಬೇಕು? ಬದಲಾಗಲೇಬೇಕಾದ್ದನ್ನೂ ಬರೀ ಅಭಿರುಚಿಯ ಮಾತನ್ನೂ ಬೇರೆಯಾಗಿಡಬೇಕು. ನಮ್ಮ ಹೋಟೆಲಿನ ಪತ್ರ ಮುಗಿಯುವುದು ಹೀಗೆ: ‘1ರಿಂದ 3 ಆಗಲೇಬೇಕು. ಜಾರುವ ಚಿತ್ರಗಳ ಬದಲು ಒಂದೇ ಚಿತ್ರ ಸಾಕು ಅನಿಸುತ್ತದೆ, ಅದು ನನ್ನ ಅಭಿಪ್ರಾಯವಷ್ಟೇ. ಬೇಕೆನ್ನಲು ನಿಮ್ಮಲ್ಲಿ ಕಾರಣವಿದ್ದರೆ ಹೇಳಿ. ಸಂದೇಹವಿದ್ದರೆ ಮಧ್ಯಾಹ್ನ ನಾಲ್ಕರ ಮೇಲೆ ಫೋನ್ ಮಾಡಿ, ಊಟದ ಹೊತ್ತಿನಲ್ಲಿ ಎತ್ತಲಾಗುವುದಿಲ್ಲ.’