ಎಂಟೆಂಟು ಚುಕ್ಕೆಗಳ ಚೌಕ

ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದ ಪಿಡಿಎಫ್ ಒಳಗೆ ಸಾಮಾನ್ಯವಾಗಿ ಇರುವುದು ಜೆಪೆಗ್ ಚಿತ್ರ. ಅದರ ಬುಡದಲ್ಲಿರುವ ಗಣಿತ ನಾಸಿರ್ ಅಹ್ಮದ್ ಅವರದು. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಯುವಿಸಿಇಯಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದವರು. 1972ರಲ್ಲಿ ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಮುಂದೆ ತಮ್ಮ ಯೋಚನೆ ಇಟ್ಟು ಅನುದಾನ ಕೇಳಿದರು, ಸಿಗಲಿಲ್ಲ. ಆದರೂ ಕೆಲಸ ನಿಲ್ಲಿಸದೆ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ 1974ರಲ್ಲಿ ಪ್ರಬಂಧ ಪ್ರಕಟಿಸಿದರು. 1992ರ ಜೆಪೆಗ್ ಮಾನಕ ನಿಂತಿರುವುದು ಅದರ ಮೇಲೆ.

ಜೆಪೆಗ್ ಚಿತ್ರವನ್ನು ಎಂಟೆಂಟು ಚುಕ್ಕೆಗಳ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದಲ್ಲೂ ನಿಧಾನವಾಗಿ ಬದಲಾಗುವ ಬೆಳಕನ್ನು ಜೋಪಾನವಾಗಿ ಇಟ್ಟುಕೊಂಡು, ಥಟ್ಟನೆ ಬದಲಾಗುವುದನ್ನು ಒರಟಾಗಿ ಬರೆದುಕೊಳ್ಳುತ್ತದೆ. ಮುಖದ ಚಿತ್ರದಲ್ಲಿ ಈ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಅಕ್ಷರದ ಅಂಚು ಮಾತ್ರ ಪೂರ್ತಿ ಥಟ್ಟನೆಯ ಬದಲಾವಣೆಯೇ. ಹಾಗಾಗಿ ಹೆಚ್ಚು ಹಿಂಡಿದಾಗ ಅಕ್ಷರದ ಸುತ್ತ ಬೂದು ಧೂಳು ಹರಡುತ್ತದೆ, ಕನ್ನಡದಲ್ಲಿ ಒತ್ತಕ್ಷರಗಳು ಮೊದಲು ಕಲಸಿಹೋಗುತ್ತವೆ.

ಅಕ್ಷರಕ್ಕೆ ಹೊಂದುವ ದಾರಿ ಬಂದದ್ದು ಫ್ಯಾಕ್ಸ್ ಕಡೆಯಿಂದ. 1984ರ ಗ್ರೂಪ್ 4 ವಿಧಾನಕ್ಕೆ ಗೊತ್ತಿರುವುದು ಕಪ್ಪು, ಬಿಳಿ ಎರಡೇ. ಪ್ರತಿ ಸಾಲು ಮೇಲಿನ ಸಾಲಿಗಿಂತ ಎಲ್ಲಿ ಬೇರೆಯಾಗಿದೆ ಎಂಬುದನ್ನಷ್ಟೇ ಅದು ಬರೆದಿಡುತ್ತದೆ, ಒಂದು ಚುಕ್ಕೆಯನ್ನೂ ಕಳೆಯುವುದಿಲ್ಲ.

ಟೈಪ್ ಮಾಡಿದ ಒಂದು ಕ್ರಯಪತ್ರದ ಪುಟ ತೆಗೆದುಕೊಳ್ಳೋಣ. ಅಪ್‌ಲೋಡ್ ಮಿತಿ 200 ಕೆಬಿ ಎಂದಿರಲಿ. ಎ4 ಹಾಳೆ 300 ಡಿಪಿಐಯಲ್ಲಿ ಸುಮಾರು 87 ಲಕ್ಷ ಚುಕ್ಕೆ. ಬಣ್ಣದಲ್ಲಾದರೆ, ಹಿಂಡುವ ಮುನ್ನ, ಸುಮಾರು 26 ಎಂಬಿ. ಅದನ್ನು ಜೆಪೆಗ್‌ನಿಂದಲೇ 200 ಕೆಬಿಗೆ ಇಳಿಸಿದರೆ ಒತ್ತುಗಳು ಹೋದಂತೆಯೇ. ಬರೀ ಕಪ್ಪುಬಿಳುಪಿನಲ್ಲಿ ಅದೇ ಪುಟ 1 ಎಂಬಿಯಷ್ಟು. ಗ್ರೂಪ್ 4 ಅದನ್ನು ಸಾಮಾನ್ಯವಾಗಿ 100 ಕೆಬಿಯೊಳಗೆ ತರುತ್ತದೆ, ಅಂಚು ಚೂಪಾಗಿಯೇ ಉಳಿಯುತ್ತದೆ.

ಹಾಳೆ ಹಳದಿಗಟ್ಟಿದ್ದರೆ ಈ ಲೆಕ್ಕ ತಪ್ಪುತ್ತದೆ. ಕಲೆಗಳೆಲ್ಲ ಕಪ್ಪು ಚುಕ್ಕೆಗಳಾಗಿ, ಸಾಲಿಗೂ ಸಾಲಿಗೂ ಹೋಲಿಕೆ ಕೆಟ್ಟು ಕಡತ ಊದಿಕೊಳ್ಳುತ್ತದೆ; ಮಾಸಿದ ನೇರಳೆ ಮೊಹರಂತೂ ಮಾಯವಾಗಿಬಿಡಬಹುದು. ಅಂಥ ಪುಟಕ್ಕೆ ಗ್ರೇ ಸ್ಕ್ಯಾನ್, 150 ಡಿಪಿಐ, ಮಧ್ಯಮ ಜೆಪೆಗ್ ಸರಿ. ಡಿಪಿಐ ಅರ್ಧವಾದರೆ ಚುಕ್ಕೆಗಳು ಕಾಲು ಭಾಗಕ್ಕೆ ಇಳಿಯುತ್ತವೆ. ಅಪ್‌ಲೋಡ್ ಮಾಡುವಲ್ಲಿ ಬಣ್ಣದ ಪ್ರತಿಯನ್ನೇ ಕೇಳಿದ್ದರೆ ಬೇರೆ ಮಾತು.

ಕಳಿಸುವ ಮುನ್ನ ತೆರೆಯ ಮೇಲೆ ಎರಡು ಪಟ್ಟು ಹಿಗ್ಗಿಸಿ, ಅತಿ ಸಣ್ಣ ಒತ್ತು, ಸರ್ವೆ ನಂಬರು, ಮೊಹರಿನ ತಾರೀಖು ಓದಿ. ಓದಲಾಗದಿದ್ದರೆ ಹಿಂಡಿದ ಕಡತವನ್ನೇ ಮತ್ತೆ ತಿದ್ದಲು ಹೋಗಬೇಡಿ. ಜೆಪೆಗ್ ಮೇಲೆ ಜೆಪೆಗ್ ಬಿದ್ದಷ್ಟೂ ಧೂಳು ಹೆಚ್ಚುತ್ತದೆ. ಮೊದಲ ದೊಡ್ಡ ಸ್ಕ್ಯಾನ್ ಉಳಿಸಿಕೊಂಡಿದ್ದರೆ ಅಲ್ಲಿಂದಲೇ ಇನ್ನೊಮ್ಮೆ ಇಳಿಸಬಹುದು.